ಜಾರಿದ ದರಪಟ್ಟಿ: ಕಾಪಿ ಮಾಡಿದ ಫಾರ್ಮುಲಾ ಎಲ್ಲಿ ಕೆಟ್ಟಿತು

ನಿನ್ನೆ ಸಂಜೆ ನೀನು ಕಳಿಸಿದ ಮಸಾಲೆ ಪುಡಿ ಆರ್ಡರ್ ಶೀಟ್ ಬೆಳಿಗ್ಗೆ ತೆಗೆದು ನೋಡಿದೆ. ಒಟ್ಟು ಮೊತ್ತ 20,100 ರೂಪಾಯಿ ಅಂತ ಬಂದಿದೆ. ಅದು 26,800 ಆಗಬೇಕಿತ್ತು. ಬಿಲ್ ಇನ್ನೂ ಹೋಗಿಲ್ಲ, ಹಾಗಾಗಿ ಗಾಬರಿ ಬೇಡ. ಆದರೆ 6,700 ರೂಪಾಯಿ ಎಲ್ಲಿ ಹೋಯಿತು ಅನ್ನುವುದು ನಿನಗೆ ಪೂರ್ತಿ ಗೊತ್ತಾಗಬೇಕು, ಫೋನಿನಲ್ಲಿ ಹೇಳಿದರೆ ಸೆಲ್ ನಂಬರ್‌ಗಳು ಕಲಸಿಹೋಗುತ್ತವೆ, ಅದಕ್ಕೆ ಬರೆದೇ ಕಳಿಸುತ್ತಿದ್ದೇನೆ. ಶೀಟನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಓದು.

ಮೊದಲು ನನಗೆ ಅನುಮಾನ ಬಂದದ್ದು ಹೇಗೆ ಅಂತ ಹೇಳುತ್ತೇನೆ. SP01 ಅಂದರೆ ಸಾಂಬಾರ್ ಪುಡಿ. ಅದು ನಿನ್ನ ಶೀಟಿನಲ್ಲಿ ಎರಡು ಕಡೆ ಇದೆ, 3ನೇ ಸಾಲಿನಲ್ಲಿ 100 ಪ್ಯಾಕೆಟ್, 11ನೇ ಸಾಲಿನಲ್ಲಿ 50 ಪ್ಯಾಕೆಟ್. ಮೇಲಿನದರ ಮುಂದೆ ದರದ ಜಾಗದಲ್ಲಿ ಒಂದು ಸಣ್ಣ ಗೆರೆ ಇದೆ, ಕೆಳಗಿನದರ ಮುಂದೆ 54 ಇದೆ. ಈ ವರ್ಷದ ದರ 60. ಒಂದೇ ಸಾಮಾನು, ಒಂದೇ ಶೀಟು, ಎರಡು ದರ, ಎರಡೂ ತಪ್ಪು. ಹೀಗಾದಾಗ ಅಂಕಿ ಟೈಪ್ ಮಾಡುವಾಗ ಕೈತಪ್ಪಿದ್ದಲ್ಲ, ಫಾರ್ಮುಲಾ ತಪ್ಪು ಜಾಗಕ್ಕೆ ಹೋಗಿ ಓದುತ್ತಿದೆ ಅಂತಲೇ ಅರ್ಥ.

C2ನಲ್ಲಿ ನೀನು ಬರೆದದ್ದು ಇದು:

```
=IFERROR(VLOOKUP(A2,H2:I9,2,FALSE),0)
```

A2ನಲ್ಲಿರುವ ಕೋಡನ್ನು ತೆಗೆದುಕೋ, H2ರಿಂದ I9ರವರೆಗಿನ ದರಪಟ್ಟಿಯಲ್ಲಿ ಹುಡುಕು, ಸಿಕ್ಕರೆ ಅದರ ಎರಡನೇ ಕಾಲಂನಲ್ಲಿರುವ ದರ ಕೊಡು, ಸಿಗದಿದ್ದರೆ ಸೊನ್ನೆ ಹಾಕು. C2ನಲ್ಲಿ ಇದು ನೂರಕ್ಕೆ ನೂರು ಸರಿ. ಬಿಸಿಬೇಳೆಬಾತ್ ಪುಡಿಗೆ 65 ಕೊಟ್ಟಿತು, ಅದು ಸರಿಯಾದ ದರವೇ. ನೀನು ಆ ಒಂದು ಸೆಲ್ ಪರೀಕ್ಷೆ ಮಾಡಿ, ಸರಿ ಇದೆ ಅಂತ ಕಂಡು, C11ರವರೆಗೆ ಎಳೆದೆ. ಕೆಟ್ಟದ್ದು ಎಳೆಯುವಾಗ.

ಈಗ C11 ಮೇಲೆ ಕ್ಲಿಕ್ ಮಾಡಿ F2 ಒತ್ತು. ಹೀಗೆ ಕಾಣುತ್ತದೆ:

```
=IFERROR(VLOOKUP(A11,H11:I18,2,FALSE),0)
```

A2 ಇದ್ದದ್ದು A11 ಆಗಿದೆ. ಅದು ಬೇಕಾದದ್ದೇ, ಆ ಸಾಲಿನ ಕೋಡನ್ನು ಆ ಸಾಲಿನಿಂದಲೇ ಓದಬೇಕಲ್ಲ. ಆದರೆ H2:I9 ಕೂಡ ಅದರ ಜೊತೆಗೇ ಒಂಬತ್ತು ಸಾಲು ಕೆಳಗಿಳಿದು H11:I18 ಆಗಿದೆ. ನಿನ್ನ ದರಪಟ್ಟಿ ಇದ್ದಲ್ಲೇ ಇದೆ, ಅದನ್ನು ನೋಡುವ ಕಿಟಕಿ ಮಾತ್ರ ಪ್ರತಿ ಸಾಲಿಗೂ ಒಂದೊಂದು ಮೆಟ್ಟಿಲು ಕೆಳಗೆ ಜಾರಿದೆ.

ಯಾಕೆ ಹೀಗಾಗುತ್ತದೆ? ನೀನು C2ನಲ್ಲಿ H2 ಅಂತ ಬರೆದಾಗ ಎಕ್ಸೆಲ್ ಅದನ್ನು "H2 ಎಂಬ ಸೆಲ್" ಅಂತ ನೆನಪಿಟ್ಟುಕೊಳ್ಳುವುದಿಲ್ಲ. "ನಾನಿರುವ ಕಡೆಯಿಂದ ಐದು ಮನೆ ಬಲಕ್ಕೆ, ಇದೇ ಸಾಲಿನಲ್ಲಿ" ಅಂತ ನೆನಪಿಟ್ಟುಕೊಳ್ಳುತ್ತದೆ. I9 ಅಂದರೆ "ಆರು ಮನೆ ಬಲಕ್ಕೆ, ಏಳು ಸಾಲು ಕೆಳಗೆ". ಊರಲ್ಲಿ ನಾವು ದಾರಿ ಹೇಳುವುದಿಲ್ವಾ, "ಇಲ್ಲಿಂದ ಬಲಕ್ಕೆ ಐದನೇ ಮನೆ" ಅಂತ, ಹಾಗೆ. ಅದೇ ಮಾತನ್ನು ಚೀಟಿಯಲ್ಲಿ ಬರೆದು ಹಿಂದಿನ ಬೀದಿಯಲ್ಲಿ ನಿಂತವನ ಕೈಗೆ ಕೊಟ್ಟರೆ ಅವನೂ ಬಲಕ್ಕೆ ಐದನೇ ಮನೆಗೇ ಹೋಗುತ್ತಾನೆ, ಆದರೆ ಅದು ಬೇರೆ ಮನೆ. ಇದು ರಿಲೇಟಿವ್ ರೆಫರೆನ್ಸ್. "ಎರಡನೇ ಕ್ರಾಸ್, 9ನೇ ನಂಬರ್ ಮನೆ" ಅಂತ ಬರೆದು ಕೊಟ್ಟರೆ ಎಲ್ಲಿಂದ ಹೊರಟರೂ ಅದೇ ಮನೆಗೆ ಬರುತ್ತಾನೆ. ಅದು ಆಬ್ಸಲ್ಯೂಟ್ ರೆಫರೆನ್ಸ್. ಎಕ್ಸೆಲ್‌ನಲ್ಲಿ ಅದನ್ನು ಡಾಲರ್ ಚಿಹ್ನೆ ಹಾಕಿ ಬರೆಯುತ್ತೇವೆ, `$H$2` ಅಂತ.

1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಮಾಡಿದ ವಿಸಿಕ್ಯಾಲ್ಕ್ ಅನ್ನುವ ಹಳೆಯ ಸ್ಪ್ರೆಡ್‌ಶೀಟ್ ಪ್ರೋಗ್ರಾಂನಲ್ಲಿ ಈ ಕೆಲಸ ಬೇರೆ ರೀತಿ ಇತ್ತು. ಫಾರ್ಮುಲಾ ಕಾಪಿ ಮಾಡಲು ಹೊರಟರೆ ಅದು ಒಳಗಿರುವ ಒಂದೊಂದು ಸೆಲ್ ಹೆಸರಿಗೂ ನಿಂತು ಕೇಳುತ್ತಿತ್ತು, ಇದು ಬದಲಾಗಬಾರದಾ ಅಥವಾ ಜೊತೆಗೆ ಸರಿಯಬೇಕಾ ಅಂತ, N ಅಥವಾ R ಒತ್ತಬೇಕಿತ್ತು. ಕಿರಿಕಿರಿ ಜಾಸ್ತಿ, ಆದರೆ ಉತ್ತರ ಕೊಡದೆ ಮುಂದೆ ಹೋಗಲು ಆಗುತ್ತಿರಲಿಲ್ಲ. 1983ರ ಲೋಟಸ್ 1-2-3ರಲ್ಲಿ ಡಾಲರ್ ಚಿಹ್ನೆ ಫಾರ್ಮುಲಾ ಒಳಗೇ ಇತ್ತು, ಎಕ್ಸೆಲ್‌ನಲ್ಲೂ ಹಾಗೇ. ಈಗ ಯಾರೂ ಕೇಳುವುದಿಲ್ಲ. ಡಾಲರ್ ಹಾಕದಿದ್ದರೆ "ಸರಿಯಲಿ" ಅಂತ ಉತ್ತರ ಕೊಟ್ಟ ಹಾಗೆ.

ಸರಿ, ಈಗ ನಿನ್ನ ಹತ್ತು ಸಾಲನ್ನೇ ನೋಡೋಣ. ಇಲ್ಲಿ ನಿಧಾನವಾಗಿ ಬಾ, ಮುಖ್ಯವಾದದ್ದು ಇಲ್ಲೇ ಇದೆ.

ದರಪಟ್ಟಿ H2ನಲ್ಲಿ SP01ರಿಂದ ಶುರುವಾಗಿ H9ರಲ್ಲಿ SP08ಕ್ಕೆ ಮುಗಿಯುತ್ತದೆ. 10ನೇ ಸಾಲು ಖಾಲಿ. H11ರಲ್ಲಿ "ಹಳೆಯ ದರ" ಅಂತ ತಲೆಬರಹ. H12ರಿಂದ H19ರವರೆಗೆ ಅದೇ ಎಂಟು ಕೋಡುಗಳು, ಹೋದ ವರ್ಷದ ದರದ ಜೊತೆ. ಹೋಲಿಸಿ ನೋಡಲು ಅನುಕೂಲ ಅಂತ ಯಾರೋ ಹಿಂದೆ ಅಲ್ಲಿ ಇಟ್ಟದ್ದು, ನೀನು ಇಟ್ಟದ್ದಲ್ಲ. ಆದರೆ ಜಾರುವ ಕಿಟಕಿಯ ಕೆಳಗೆ ಹಳೆಯ ದರ ಕಾದು ಕುಳಿತಿದೆ, ಅದನ್ನು ನೆನಪಿಟ್ಟುಕೋ.

3ನೇ ಸಾಲಿನಲ್ಲಿ ಕಿಟಕಿ H3:I10. ಹುಡುಕುತ್ತಿರುವುದು SP01, ಅದು ಇರುವುದು H2ನಲ್ಲಿ, ಒಂದೇ ಸಾಲಿನಿಂದ ಆಚೆ ಉಳಿಯಿತು. VLOOKUP ಇಲ್ಲಿ #N/A ಕೊಟ್ಟಿತು, ನಿನ್ನ IFERROR ಅದನ್ನು ಸೊನ್ನೆ ಮಾಡಿತು, ಅಕೌಂಟಿಂಗ್ ಫಾರ್ಮ್ಯಾಟ್ ಆ ಸೊನ್ನೆಯನ್ನು ಒಂದು ಗೆರೆಯಾಗಿ ತೋರಿಸಿತು. 100 ಪ್ಯಾಕೆಟ್, 60ರ ದರ, 6,000 ರೂಪಾಯಿ ಹೋಯಿತು. ಮೊದಲು #N/A ಕಂಡಾಗ ಅದನ್ನು ತೆಗೆಯಲೆಂದೇ IFERROR ಹಾಕಿದೆ ಅಂತ ನೀನೇ ಬರೆದಿದ್ದೀಯ. ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

4, 5, 6ನೇ ಸಾಲು ಸರಿ ಇವೆ. SP06, SP08, SP05 ಪಟ್ಟಿಯ ಕೆಳಭಾಗದಲ್ಲಿವೆ, ಕಿಟಕಿ ಇನ್ನೂ ಅವುಗಳನ್ನು ದಾಟಿರಲಿಲ್ಲ. 6ನೇ ಸಾಲಂತೂ ಕೂದಲೆಳೆಯಲ್ಲಿ ಉಳಿದುಕೊಂಡದ್ದು, ಕಿಟಕಿ H6ರಿಂದ ಶುರು, ಪುಳಿಯೋಗರೆ ಪುಡಿ ಇರುವುದೂ H6ರಲ್ಲೇ. ಅದೇ ಐಟಂ 7ನೇ ಸಾಲಿನಲ್ಲಿ ಬಂದಿದ್ದರೆ ಸಿಗುತ್ತಿರಲಿಲ್ಲ.

7ನೇ ಸಾಲು ನೋಡು. ಇದು ನಿಜವಾಗಿ ಅಪಾಯದ್ದು. ಕಿಟಕಿ H7:I14. ಹುಡುಕುತ್ತಿರುವುದು SP02, ರಸಂ ಪುಡಿ. ಈ ವರ್ಷದ್ದು H3ರಲ್ಲಿದೆ, ಅದು ಆಗಲೇ ಮೇಲೆ ಉಳಿದುಹೋಗಿದೆ. ಆದರೆ ಕಿಟಕಿಯ ಕೆಳಗಿನ ತುದಿ ಹಳೆಯ ಪಟ್ಟಿಯ ಒಳಗೆ ಕಾಲಿಟ್ಟಿದೆ, H13ರಲ್ಲಿ ಹಳೆಯ SP02 ಸಿಕ್ಕಿತು, 50 ರೂಪಾಯಿ. ಸಿಕ್ಕಿತಲ್ಲ, ಹಾಗಾಗಿ ಎರರ್ ಇಲ್ಲ, ಸೊನ್ನೆ ಇಲ್ಲ, ಗೆರೆ ಇಲ್ಲ. 55 ಇರಬೇಕಾದ ಕಡೆ 50. 60 ಪ್ಯಾಕೆಟ್‌ಗೆ 300 ರೂಪಾಯಿ ಕಡಿಮೆ. 10ನೇ ಸಾಲಿನಲ್ಲಿ ಬಿಸಿಬೇಳೆಬಾತ್ ಪುಡಿಗೆ 65ರ ಬದಲು ಹಳೆಯ 60 ಬಂತು, 20 ಪ್ಯಾಕೆಟ್‌ಗೆ 100 ರೂಪಾಯಿ. 11ನೇ ಸಾಲಿನಲ್ಲಿ ಸಾಂಬಾರ್ ಪುಡಿಗೆ ಹಳೆಯ 54, 50 ಪ್ಯಾಕೆಟ್‌ಗೆ 300 ರೂಪಾಯಿ. 8 ಮತ್ತು 9ನೇ ಸಾಲು ಮತ್ತೆ ಸರಿ, ಅಲ್ಲಿ ಬೇಕಾದ ಕೋಡು ಕಿಟಕಿಯ ಮೊದಲ ಸಾಲಿನಲ್ಲೇ ಇತ್ತು.

ಕೂಡಿಸಿ ನೋಡು: 6,000, 300, 100, 300. ಅಲ್ಲಿಗೆ 6,700 ಸಿಕ್ಕಿತು.

ಹತ್ತು ಸಾಲಿನಲ್ಲಿ ಆರು ಸರಿ, ಒಂದು ಸೊನ್ನೆ, ಮೂರು ಹಳೆಯ ದರ. ನೀನು ಆ ಗೆರೆಯನ್ನು ಗಮನಿಸಿ 3ನೇ ಸಾಲಿಗೆ ಕೈಯಲ್ಲೇ 60 ಟೈಪ್ ಮಾಡಿಬಿಟ್ಟಿದ್ದರೆ ಮೊತ್ತ 26,100 ಆಗುತ್ತಿತ್ತು, ಎಲ್ಲಾ ಸಾಲಿನಲ್ಲೂ ನಂಬುವಂಥ ದರ ಇರುತ್ತಿತ್ತು, 700 ರೂಪಾಯಿ ಕಡಿಮೆ ಬಿಲ್ ಡೀಲರ್‌ಗೆ ಹೋಗುತ್ತಿತ್ತು. ಅದಕ್ಕೇ ಒಂದು ಸಾಲು ತಪ್ಪಿದೆ ಅಂತ ಕಂಡಾಗ ಆ ಸಾಲನ್ನು ಸರಿಮಾಡಲು ಹೋಗಬೇಡ, ಆ ಸೆಲ್‌ನ ಒಳಗೆ ಹೋಗಿ ಫಾರ್ಮುಲಾ ಯಾವ ಜಾಗ ನೋಡುತ್ತಿದೆ ಅಂತ ಓದು.

ಸರಿಯಾದ ಫಾರ್ಮುಲಾ ಇದು:

```
=VLOOKUP(A2,$H$2:$I$9,2,FALSE)
```

C2ನಲ್ಲಿ ಬರೆದು ಕೆಳಗೆ ಎಳೆ. C11ರಲ್ಲಿ A11 ಇರುತ್ತದೆ, `$H$2:$I$9` ಹಾಗೇ ಇರುತ್ತದೆ. ಡಾಲರನ್ನು ಒಂದೊಂದಾಗಿ ಟೈಪ್ ಮಾಡಬೇಕಿಲ್ಲ. ಫಾರ್ಮುಲಾ ಒಳಗೆ `H2:I9` ಅಷ್ಟನ್ನೇ ಮೌಸಿನಿಂದ ಆರಿಸಿಕೊಂಡು F4 ಒತ್ತಿದರೆ ನಾಲ್ಕೂ ಡಾಲರ್ ಬರುತ್ತವೆ. ನಿನ್ನ ಲ್ಯಾಪ್‌ಟಾಪಿನಲ್ಲಿ Fn ಜೊತೆ ಒತ್ತಬೇಕಾಗಬಹುದು.

ಇಲ್ಲಿ ಒಂದು ಎಚ್ಚರಿಕೆ. ಅಷ್ಟನ್ನೇ ಆರಿಸಿಕೋ ಅಂದದ್ದು ಯಾಕೆಂದರೆ, ಇಡೀ ಫಾರ್ಮುಲಾ ಆರಿಸಿಕೊಂಡು F4 ಒತ್ತಿದರೆ A2ಕ್ಕೂ ಡಾಲರ್ ಬೀಳುತ್ತದೆ, `$A$2` ಆಗುತ್ತದೆ. ಆಗ ಹತ್ತೂ ಸಾಲು A2ನಲ್ಲಿರುವ ಬಿಸಿಬೇಳೆಬಾತ್ ಪುಡಿಯ ದರವನ್ನೇ ತೋರಿಸುತ್ತವೆ. 490 ಪ್ಯಾಕೆಟ್, ಎಲ್ಲಕ್ಕೂ 65, ಮೊತ್ತ 31,850. ಈ ಸಲ 5,050 ಜಾಸ್ತಿ. ಒಂದು ತಪ್ಪಿನಲ್ಲಿ ಸರಿಯಬಾರದ್ದು ಸರಿಯಿತು, ಇನ್ನೊಂದರಲ್ಲಿ ಸರಿಯಬೇಕಾದದ್ದು ನಿಂತಿತು. ಇಡೀ ಕಾಲಂನಲ್ಲಿ ಒಂದೇ ಅಂಕಿ ಕಂಡರೆ ಈ ಎರಡನೆಯದು ಅಂತ ತಿಳಿದುಕೋ.

ಹಾಗಾಗಿ "ಸುಮ್ನೆ ಎಲ್ಲಾ ಕಡೆ ಡಾಲರ್ ಹಾಕಿಬಿಡೋಣ" ಅನ್ನುವುದು ಪರಿಹಾರ ಅಲ್ಲ. ಎಳೆಯುವ ಮೊದಲು ಫಾರ್ಮುಲಾದ ಒಂದೊಂದು ಸೆಲ್ ಹೆಸರಿನ ಮೇಲೂ ಬೆರಳಿಟ್ಟು, ಕೆಳಗಿನ ಸಾಲಿಗೆ ಹೋದಾಗ ಇದು ಜೊತೆಗೆ ಬರಬೇಕಾ, ಇಲ್ಲೇ ಇರಬೇಕಾ ಅಂತ ಕೇಳಿಕೊಳ್ಳಬೇಕು. ವಿಸಿಕ್ಯಾಲ್ಕ್ ಕೇಳುತ್ತಿದ್ದ ಪ್ರಶ್ನೆಯೇ ಇದು, ಈಗ ನಾವೇ ಕೇಳಿಕೊಳ್ಳಬೇಕು.

ಇನ್ನು ಆ ಡಾಲರ್ ಒಂದೇ ಬದಿಗೆ ಹಾಕುವುದರ ಬಗ್ಗೆ. ನೀನು ಇದೇ ಫೈಲಿನಲ್ಲಿ ರಿಯಾಯಿತಿ ಕೋಷ್ಟಕ ಮಾಡಲು ಹೊರಟು ಅರ್ಧಕ್ಕೆ ಬಿಟ್ಟಿದ್ದೀಯ, ಅಲ್ವಾ? K1, L1, M1ರಲ್ಲಿ 5%, 8%, 12% ಇದೆ, I ಕಾಲಂನಲ್ಲಿ ದರ ಇದೆ, ಮಧ್ಯದ ಮನೆಗಳಲ್ಲಿ ರಿಯಾಯಿತಿ ಕಳೆದ ದರ ಬರಬೇಕು. ಇಲ್ಲಿ ಫಾರ್ಮುಲಾ ಕೆಳಗೂ ಹೋಗಬೇಕು, ಬಲಕ್ಕೂ ಹೋಗಬೇಕು. ಡಾಲರ್ ತನ್ನ ಬಲಕ್ಕೆ ಅಂಟಿಕೊಂಡದ್ದನ್ನು ಮಾತ್ರ ಹಿಡಿದು ನಿಲ್ಲಿಸುತ್ತದೆ. `$I2` ಅಂದರೆ ಕಾಲಂ I ನಿಂತಿತು, ಸಾಲು ಸರಿಯಬಹುದು. `K$1` ಅಂದರೆ 1ನೇ ಸಾಲು ನಿಂತಿತು, ಕಾಲಂ ಸರಿಯಬಹುದು. F4 ಮತ್ತೆ ಮತ್ತೆ ಒತ್ತಿದರೆ ಎರಡೂ ಡಾಲರ್, ಸಾಲಿಗೆ ಮಾತ್ರ, ಕಾಲಂಗೆ ಮಾತ್ರ, ಯಾವುದೂ ಇಲ್ಲ, ಹೀಗೆ ಸುತ್ತುತ್ತದೆ. ದರ ಯಾವಾಗಲೂ I ಕಾಲಂನಿಂದಲೇ ಬರಬೇಕು, ಆದರೆ ಆಯಾ ಸಾಲಿನದು. ರಿಯಾಯಿತಿ ಯಾವಾಗಲೂ 1ನೇ ಸಾಲಿನಿಂದಲೇ ಬರಬೇಕು, ಆದರೆ ಆಯಾ ಕಾಲಂನದು. ಹಾಗಾಗಿ K2ನಲ್ಲಿ:

```
=$I2*(1-K$1)
```

ಇದನ್ನು M9ರವರೆಗೆ ಹರಡು. L5ರಲ್ಲಿ ಅದು `=$I5*(1-L$1)` ಆಗುತ್ತದೆ, ವಾಂಗಿಬಾತ್ ಪುಡಿಯ 62ಕ್ಕೆ 8% ಕಳೆದು 57.04. ನೀನು `K$1` ಬದಲು `K1` ಅಂತ ಬರೆದಿದ್ದೆ. ಅದರಿಂದ K3ರಲ್ಲಿ ಏನಾಯಿತು ಗೊತ್ತಾ, ಅದು 5% ಓದುವ ಬದಲು ಒಂದು ಸಾಲು ಕೆಳಗಿನ K2ನಲ್ಲಿರುವ 57ನ್ನು ಓದಿತು, 55ನ್ನು 1-57ರಿಂದ ಗುಣಿಸಿ -3,080 ಕೊಟ್ಟಿತು. ಆಮೇಲೆ K4 ಆ -3,080ನ್ನೇ ರಿಯಾಯಿತಿ ಅಂತ ತೆಗೆದುಕೊಂಡಿತು. ಕೆಳಗೆ ಹೋದಷ್ಟೂ ಅಂಕಿ ಊದುತ್ತಾ ಹೋದದ್ದು ಅದಕ್ಕೆ. ನೋಡಲು ಭಯಂಕರವಾಗಿತ್ತು, ನೀನು ಬಿಟ್ಟೆ. ಆದರೆ ನನ್ನ ಪ್ರಕಾರ ಇದು ಒಳ್ಳೆಯ ಜಾತಿಯ ತಪ್ಪು, ತಾನೇ ಕೂಗಿ ಹೇಳುತ್ತದೆ. 7ನೇ ಸಾಲಿನ 50 ರೂಪಾಯಿ ಕೂಗುವುದಿಲ್ಲ.

IFERROR ವಿಷಯಕ್ಕೆ ಬರುತ್ತೇನೆ. ನಿನಗೆ ಮೊದಲು 3ನೇ ಸಾಲಿನಲ್ಲಿ ಕಂಡ #N/A ಇಡೀ ಶೀಟಿನಲ್ಲಿ ಸಿಕ್ಕ ಒಂದೇ ಒಂದು ಸುಳಿವು. ಉಳಿದ ಮೂರು ತಪ್ಪು ಎರರ್ ಕೊಡಲೇ ಇಲ್ಲ. SP01 ದರಪಟ್ಟಿಯ ಮೊದಲ ಸಾಲಿನಲ್ಲೇ ಕಣ್ಣಿಗೆ ಕಾಣುತ್ತಿದೆ, ಆದರೂ VLOOKUP ಸಿಗಲಿಲ್ಲ ಅನ್ನುತ್ತಿದೆ ಅಂದರೆ ಅದು ಬೇರೆ ಎಲ್ಲೋ ಹುಡುಕುತ್ತಿದೆ, ಅಥವಾ ಕೋಡಿನ ಕೊನೆಯಲ್ಲಿ ಒಂದು ಸ್ಪೇಸ್ ಸೇರಿಕೊಂಡಿದೆ. ಎರಡರಲ್ಲಿ ಯಾವುದಾದರೂ ಸರಿಮಾಡಬೇಕಾದ ವಿಷಯವೇ. ದರ ಇಲ್ಲದ ಸಾಮಾನಿಗೆ ಸೊನ್ನೆ ದರ ಅನ್ನುವುದು ನಮ್ಮ ಶೀಟಿನಲ್ಲಿ ಯಾವತ್ತೂ ನಿಜ ಅಲ್ಲ, ಹಾಗಾಗಿ ಇಲ್ಲಿ IFERROR ಬೇಡವೇ ಬೇಡ. #N/A ಇದ್ದರೆ ಕೆಳಗಿನ ಮೊತ್ತವೂ #N/A ಆಗುತ್ತದೆ, ಬಿಲ್ ಮುಂದೆ ಹೋಗುವುದಿಲ್ಲ. ಆಗಲಿ, ನಿಲ್ಲಬೇಕಾದದ್ದು ಅಲ್ಲೇ.

ನೀನು ಕೇಳಬಹುದು, ಎಕ್ಸೆಲ್ ಮೂಲೆಯಲ್ಲಿ ಹಸಿರು ತ್ರಿಕೋನ ತೋರಿಸಿ ಎಚ್ಚರಿಸುತ್ತದಲ್ಲ, ಇದಕ್ಕೆ ಯಾಕೆ ತೋರಿಸಲಿಲ್ಲ ಅಂತ. ಪಕ್ಕದ ಸೆಲ್‌ಗಳಿಗಿಂತ ಬೇರೆ ಥರದ ಫಾರ್ಮುಲಾ ಕಂಡರೆ ಅದು ತೋರಿಸುತ್ತದೆ. ಆದರೆ ಅದರ ಕಣ್ಣಿಗೆ ನಿನ್ನ ಹತ್ತೂ ಫಾರ್ಮುಲಾ ಒಂದೇ. ಬೇಕಾದರೆ ಎಕ್ಸೆಲ್ ಆಪ್ಷನ್ಸ್‌ನಲ್ಲಿ ಫಾರ್ಮುಲಾಸ್ ಭಾಗಕ್ಕೆ ಹೋಗಿ R1C1 ರೆಫರೆನ್ಸ್ ಸ್ಟೈಲ್‌ಗೆ ಟಿಕ್ ಹಾಕಿ ನೋಡು. IFERROR ಬಿಟ್ಟು ಒಳಗಿನದು ಹೀಗಿರುತ್ತದೆ, ಮೊದಲನೆಯದು ನಿನ್ನದು, ಎರಡನೆಯದು ಸರಿಯಾದದ್ದು:

```
VLOOKUP(RC[-2],RC[5]:R[7]C[6],2,FALSE)
VLOOKUP(RC[-2],R2C8:R9C9,2,FALSE)
```

ಚೌಕ ಆವರಣದೊಳಗಿನ ಅಂಕಿ ಅಂದರೆ "ಇಲ್ಲಿಂದ ಇಷ್ಟು ದೂರ". ಆವರಣ ಇಲ್ಲದ ಅಂಕಿ ಅಂದರೆ ಖಾಯಂ ವಿಳಾಸ, 2ನೇ ಸಾಲು, 8ನೇ ಕಾಲಂ. ನಿನ್ನ ಫಾರ್ಮುಲಾ ಪ್ರತಿ ಸಾಲಿನಲ್ಲೂ ಅಕ್ಷರಕ್ಕೆ ಅಕ್ಷರ ಇದೇ. ನೀನು ಹೇಳಿದ್ದನ್ನೇ ಎಕ್ಸೆಲ್ ಹತ್ತು ಸಲ ಮಾಡಿದೆ. ನೋಡಿ ಆದಮೇಲೆ ಟಿಕ್ ತೆಗೆದುಬಿಡು, ಇಲ್ಲದಿದ್ದರೆ ಕಾಲಂ ಹೆಸರುಗಳೆಲ್ಲ ಅಂಕಿಯಾಗಿಯೇ ಉಳಿಯುತ್ತವೆ.

ನಾನು ದಿನಾ ಮಾಡುವುದು ಇದಕ್ಕಿಂತ ಸುಲಭ. ಎಳೆದ ಮೇಲೆ ಕೊನೆಯ ಸೆಲ್‌ಗೆ ಹೋಗಿ F2 ಒತ್ತುತ್ತೇನೆ. ಫಾರ್ಮುಲಾ ಓದುವ ಜಾಗಗಳ ಸುತ್ತ ಬಣ್ಣದ ಚೌಕ ಬರುತ್ತದೆ. ಚೌಕ ದರಪಟ್ಟಿಯ ಮೇಲೆ ಸರಿಯಾಗಿ ಕುಳಿತಿದೆಯೋ, ಕೆಳಗೆ ಜಾರಿದೆಯೋ ಎರಡು ಸೆಕೆಂಡಿನಲ್ಲಿ ಕಾಣುತ್ತದೆ. ಮೊದಲ ಸೆಲ್ ನೋಡಿ ಪ್ರಯೋಜನ ಇಲ್ಲ, ಅದು ನೀನೇ ಬರೆದದ್ದು, ಅಲ್ಲಿ ಯಾವಾಗಲೂ ಸರಿಯೇ ಇರುತ್ತದೆ. ಜಾರುವಿಕೆ ಅತಿ ಹೆಚ್ಚು ಕಾಣುವುದು ಕೊನೆಯಲ್ಲಿ.

ಡಾಲರ್ ಹಾಕಿದ ಮೇಲೂ ಒಂದು ತೊಂದರೆ ಉಳಿಯುತ್ತದೆ. ನಾಳೆ SP09 ಅಂತ ಹೊಸ ಸಾಮಾನು ಬಂದು H10ರಲ್ಲಿ ಬರೆದರೆ `$H$2:$I$9` ಅದನ್ನು ನೋಡುವುದಿಲ್ಲ, ಬೀಗ 9ನೇ ಸಾಲಿಗೇ ಬಿದ್ದಿದೆ. ಅದಕ್ಕೆ ಮೊದಲು ಹಳೆಯ ದರಗಳನ್ನು ಕತ್ತರಿಸಿ ಬೇರೆ ಶೀಟಿಗೆ ಹಾಕು. ಆಮೇಲೆ ದರಪಟ್ಟಿಯನ್ನು ತಲೆಬರಹದ ಸಾಲಿನ ಸಮೇತ ಆರಿಸಿ Ctrl+T ಒತ್ತಿ ಟೇಬಲ್ ಮಾಡು, ಟೇಬಲ್ ಡಿಸೈನ್‌ನಲ್ಲಿ ಅದಕ್ಕೆ `Rates` ಅಂತ ಹೆಸರು ಕೊಡು. ಆಗ ಫಾರ್ಮುಲಾ ಇಷ್ಟೇ:

```
=VLOOKUP(A2,Rates,2,FALSE)
```

ಹೆಸರು ಎಳೆದರೆ ಜಾರುವುದಿಲ್ಲ, ಕೆಳಗೆ ಹೊಸ ಸಾಲು ಬರೆದರೆ ಟೇಬಲ್ ತಾನೇ ಬೆಳೆಯುತ್ತದೆ.

ಇವತ್ತು ಮಧ್ಯಾಹ್ನದೊಳಗೆ ಸರಿಮಾಡಿ ಕಳಿಸು. ಕಳಿಸುವ ಮೊದಲು 3 ಮತ್ತು 11ನೇ ಸಾಲು ಎರಡರಲ್ಲೂ 60 ಇದೆಯಾ, 7ರಲ್ಲಿ 55, 10ರಲ್ಲಿ 65 ಇದೆಯಾ, ಮೊತ್ತ 26,800 ಬಂತಾ ನೋಡು. ಬರದಿದ್ದರೆ ಏನೂ ಮುಟ್ಟಬೇಡ, ಫೈಲ್ ಹಾಗೇ ಇಟ್ಟು ನನ್ನ ಡೆಸ್ಕಿಗೆ ಬಾ, ಕೂತು ಒಂದೊಂದೇ ಸಾಲು ನೋಡೋಣ.